ಹಳೇ ಡಿಸ್ಕಿನ ವೇಷ ಕಳಚಿದ ವರ್ಟಿಯೊ

ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ತಂತ್ರಾಂಶದಲ್ಲೇ ಕಟ್ಟಿ ಓಡಿಸುವುದು ಈಗ ಮಾಮೂಲು. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್. ಗೆಸ್ಟಿನ ಲೆಕ್ಕಾಚಾರವನ್ನು ಪ್ರೊಸೆಸರ್ ನೇರವಾಗಿಯೇ ಮಾಡುವುದರಿಂದ ಅಲ್ಲಿ ವೇಗಕ್ಕೆ ಅಷ್ಟೇನೂ ಪೆಟ್ಟಿಲ್ಲ. ತಿಣುಕಾಟವೆಲ್ಲ ಡಿಸ್ಕ್ ಮತ್ತು ನೆಟ್‌ವರ್ಕಿನದು.

ಯಾಕೆಂದರೆ ಗೆಸ್ಟಿಗೆ ಕಾಣುವ ಡಿಸ್ಕ್ ಅಸಲಿಯಲ್ಲ. ಲಿನಕ್ಸಿನ ಕೆವಿಎಂ ಬಳಸುವಲ್ಲಿ ಸಾಮಾನ್ಯವಾಗಿ ಕೆಮು ಎಂಬ ತಂತ್ರಾಂಶ ಹಳೇ ಐಡಿಇ ಡಿಸ್ಕಿನ ವೇಷ ಹಾಕಬಲ್ಲದು. ಗೆಸ್ಟ್ ಅದನ್ನು ನಂಬುತ್ತದೆ. ಏನಾದರೂ ಓದಬೇಕಾದರೆ ಎಷ್ಟು ಸೆಕ್ಟರ್, ವಿಳಾಸದ ಮೂರು ತುಂಡುಗಳು, ಯಾವ ಡ್ರೈವ್, ಕೊನೆಗೆ ‘ಓದು’ ಎಂಬ ಆಜ್ಞೆ, ಹೀಗೆ ಕಡಿಮೆಯೆಂದರೂ 6 ರಿಜಿಸ್ಟರುಗಳಿಗೆ ಒಂದೊಂದಾಗಿ ಬರೆಯುತ್ತದೆ. ಬರೆದಾಗಲೆಲ್ಲ ಪ್ರೊಸೆಸರ್ ಗೆಸ್ಟನ್ನು ನಿಲ್ಲಿಸಿ ಹೋಸ್ಟಿಗೆ ಹೊರಳಬೇಕು, ಕೆಮು ಅದನ್ನು ಗುರುತು ಹಾಕಿಕೊಳ್ಳಬೇಕು, ಮತ್ತೆ ಗೆಸ್ಟಿಗೆ ಮರಳಬೇಕು. ಈ ಹೊರಳಾಟಕ್ಕೆ ವಿಎಂ ಎಕ್ಸಿಟ್ ಎನ್ನುತ್ತಾರೆ. ಸಮಯ ಸೋರುವುದು ಇಲ್ಲೇ.

ಆಸ್ಟ್ರೇಲಿಯಾದ ರಸ್ಟಿ ರಸೆಲ್ ರೂಪಿಸಿದ ವರ್ಟಿಯೊ 2008ರಲ್ಲಿ ಬಂದ ಲಿನಕ್ಸ್ 2.6.24ರಲ್ಲಿತ್ತು. ಇಲ್ಲಿ ವೇಷವಿಲ್ಲ. ತಾನು ಗೆಸ್ಟಿನೊಳಗಿದ್ದೇನೆ ಎಂದು ಡ್ರೈವರಿಗೆ ಗೊತ್ತು. ಹೋಸ್ಟ್ ಮತ್ತು ಗೆಸ್ಟ್ ಇಬ್ಬರೂ ನೋಡಬಲ್ಲ ಮೆಮೊರಿಯಲ್ಲಿ ಒಂದು ಸರದಿ ಇರುತ್ತದೆ. ಯಾವ ಸೆಕ್ಟರ್, ಎಷ್ಟು, ಮೆಮೊರಿಯಲ್ಲಿ ಎಲ್ಲಿಗೆ ತುಂಬಬೇಕು ಎಂಬುದನ್ನೆಲ್ಲ ಡ್ರೈವರ್ ಅಲ್ಲಿ ಬರೆದಿಟ್ಟು, ಕೊನೆಗೆ ಒಮ್ಮೆ ಮಾತ್ರ ಹೋಸ್ಟನ್ನು ಎಚ್ಚರಿಸುತ್ತದೆ. ಅಂಗಡಿಯವನಿಗೆ ಒಂದೊಂದೇ ಸಾಮಾನು ಕೂಗಿ ಹೇಳುವ ಬದಲು ಇಡೀ ಚೀಟಿ ಕೊಟ್ಟ ಹಾಗೆ. ಹತ್ತಾರು ಕೋರಿಕೆಗಳಿಗೂ ಒಂದೇ ಎಚ್ಚರಿಕೆ ಸಾಕಾಗಬಹುದು. ಹೋಸ್ಟ್ ಆಗಲೇ ಸರದಿಯನ್ನು ಖಾಲಿ ಮಾಡುತ್ತಿದ್ದರೆ ‘ಸದ್ಯಕ್ಕೆ ಕರೆಯಬೇಡ’ ಎಂದೂ ಸೂಚಿಸಬಹುದು. ಸಾಲುಸಾಲಾಗಿ ಸಣ್ಣ ಪ್ಯಾಕೆಟ್ಟುಗಳು ಬರುವ ನೆಟ್‌ವರ್ಕಿನಲ್ಲಿ ಇದರ ಲಾಭ ಎದ್ದು ಕಾಣುತ್ತದೆ.

ತೊಡಕು ವಿಂಡೋಸ್ ಗೆಸ್ಟಿನದು. ಲಿನಕ್ಸಿನಲ್ಲಿ ಈ ಡ್ರೈವರುಗಳು ಮೊದಲೇ ಇರುತ್ತವೆ, ವಿಂಡೋಸಿನ ಇನ್‌ಸ್ಟಾಲರಿನಲ್ಲಿ ಇಲ್ಲ. ಡಿಸ್ಕನ್ನು ವರ್ಟಿಯೊ ಎಂದು ಕೊಟ್ಟರೆ ಡ್ರೈವ್ ಆರಿಸುವ ಪರದೆ ಖಾಲಿ ಕಾಣುತ್ತದೆ. ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. `virtio-win` ಐಎಸ್ಒ ಫೈಲನ್ನು ಎರಡನೇ ಸಿಡಿಯಾಗಿ ಜೋಡಿಸಿ, `Load driver` ಒತ್ತಿ `viostor` ಆರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಐಡಿಇಯಲ್ಲಿ ಓಡುತ್ತಿರುವ ವಿಂಡೋಸನ್ನು ಡ್ರೈವರ್ ಹಾಕದೆ ಏಕಾಏಕಿ ವರ್ಟಿಯೊಗೆ ಬದಲಿಸಿದರಂತೂ ಬೂಟ್ ಆಗುವುದಿಲ್ಲ, `INACCESSIBLE_BOOT_DEVICE` ಎಂಬ ನೀಲಿ ಪರದೆ ಬರುತ್ತದೆ. ಲಿನಕ್ಸಿನಲ್ಲೂ `/dev/sda` ಎಂಬ ಹೆಸರು `/dev/vda` ಆಗುತ್ತದೆ. `/etc/fstab` ಫೈಲಿನಲ್ಲಿ ಹಳೇ ಹೆಸರಿದ್ದರೆ ಮೊದಲು ತಿದ್ದಿಕೊಳ್ಳಿ.

ನಿಮ್ಮ ಲಿನಕ್ಸ್ ಗೆಸ್ಟಿನಲ್ಲಿ ಏನಿದೆ ಎಂದು ತಿಳಿಯಲು ಇಷ್ಟು ಸಾಕು (`eth0` ಬದಲು ನಿಮ್ಮಲ್ಲಿರುವ ಹೆಸರು ಹಾಕಿ):

```
ethtool -i eth0
```

ಉತ್ತರದಲ್ಲಿ `virtio_net` ಇದ್ದರೆ ಸರಿ. `e1000` ಎಂದಿದ್ದರೆ ಇಂಟೆಲ್ ಕಾರ್ಡಿನ ವೇಷ ಇನ್ನೂ ಓಡುತ್ತಿದೆ, ಬದಲಿಸಿ. ಆದರೆ ಹೋಸ್ಟಿನಲ್ಲಿರುವುದೇ ನಿಧಾನಗತಿಯ, ತಿರುಗುವ ಹಾರ್ಡ್ ಡಿಸ್ಕಾದರೆ ವರ್ಟಿಯೊ ಹೆಚ್ಚೇನೂ ಮಾಡಲಾರದು. ಆಗ ಖರ್ಚು ಮಾಡಬೇಕಾದ್ದು ಎಸ್ಎಸ್‌ಡಿಗೆ.