ಫೋನಿನಲ್ಲಿ ಅಳಿಸಿದರೂ ಕ್ಲೌಡ್‌ನಲ್ಲಿ ಇರುತ್ತದೆಯೇ?

ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ಒಂದು ಕನ್ನಡ ಸಂಸಾರ ಇದೆ ಎಂದುಕೊಳ್ಳಿ. ಮಗುವಿನ ಮೂರು ವರ್ಷದ ಫೋಟೊ, ವಿಡಿಯೊಗಳೆಲ್ಲ ತಾಯಿಯ ಫೋನಿನಲ್ಲಿವೆ, ಒಟ್ಟು 60 ಗಿಗಾಬೈಟ್. ಮೈಸೂರಿನ ಅಜ್ಜಿಗೆ ವಾರಕ್ಕೊಮ್ಮೆ ಕಳಿಸುವುದೂ ಅಲ್ಲಿಂದಲೇ. ಫೋನ್ ಭರ್ತಿಯಾಗಿ ಹೊಸ ಫೋಟೊ ತೆಗೆಯಲು ಜಾಗವಿಲ್ಲದಂತಾದಾಗ ಗಂಡ ಹೇಳುತ್ತಾನೆ: ‘ಎಲ್ಲಾ ಕ್ಲೌಡ್‌ಗೆ ಹೋಗಿದೆಯಲ್ಲ, ಫೋನಿನಿಂದ ಡಿಲೀಟ್ ಮಾಡು.’ ಅವಳು ಮಾಡುತ್ತಾಳೆ. ಎರಡು ತಿಂಗಳು ಕಳೆದ ಮೇಲೆ ನೋಡಿದರೆ ಕ್ಲೌಡ್‌ನಲ್ಲೂ ಇಲ್ಲ.

ಸಂಸಾರ ಕಲ್ಪನೆಯದು, ಎಡವಟ್ಟು ಮಾತ್ರ ಮನೆಮನೆಯದು. ಇದರ ಹಿಂದೆ ಒಂದಕ್ಕೊಂದು ಹೆಣೆದುಕೊಂಡ ನಾಲ್ಕು ತಪ್ಪು ನಂಬಿಕೆಗಳಿವೆ.

ನಂಬಿಕೆ: ಕ್ಲೌಡ್ ಎಂದರೆ ಮೇಲೆ ಎಲ್ಲೋ, ಉಪಗ್ರಹದಲ್ಲೋ ಮತ್ತೆಲ್ಲೋ ಇರುವಂಥದ್ದು.

ಸತ್ಯ: ಅದು ನೆಲದ ಮೇಲೆ ಕಟ್ಟಿದ ಕಟ್ಟಡ. ಒಳಗೆ ಸಾಲು ಸಾಲು ಕಬ್ಬಿಣದ ಕಪಾಟು, ಕಪಾಟಿನ ತುಂಬ ಹಾರ್ಡ್ ಡಿಸ್ಕ್‌ಗಳು, ಅವು ಬಿಸಿಯಾಗದಂತೆ ತಣ್ಣನೆಯ ಗಾಳಿ, ಕರೆಂಟ್ ಹೋದರೆ ಜನರೇಟರ್. ಇದಕ್ಕೆ ಡೇಟಾ ಸೆಂಟರ್ ಎನ್ನುತ್ತಾರೆ. ನೀವು ಕಂಪನಿಯಿಂದ ಬಾಡಿಗೆಗೆ ಪಡೆಯುವುದು ಆ ಡಿಸ್ಕ್‌ಗಳಲ್ಲಿ ಒಂದಿಷ್ಟು ಜಾಗ. ಫೋಟೊ ಹ್ಯಾಮಿಲ್ಟನ್‌ನಿಂದ ಹೊರದೇಶದ ಡೇಟಾ ಸೆಂಟರಿಗೆ ಹೋಗಬೇಕಾದರೆ ರಸ್ತೆ ಬದಿಯ ಫೈಬರ್ ಹಿಡಿದು ಆಕ್ಲೆಂಡ್ ಕಡೆಗೆ ಹೋಗಿ, ಸಮುದ್ರದ ತಳದಲ್ಲಿ ಹಾಸಿದ ಕೇಬಲ್ ಸೇರುತ್ತದೆ. 2000ದಲ್ಲಿ ಶುರುವಾದ ಸದರ್ನ್ ಕ್ರಾಸ್, 2018ರಲ್ಲಿ ಬಂದ ಹವಾಯಿಕಿ ಇಂಥ ಕೇಬಲ್‌ಗಳು.

ಹ್ಯಾಮಿಲ್ಟನ್‌ಗೆ ಇದರಲ್ಲಿ ಹಳೆಯ ಪಾಲಿದೆ. ನ್ಯೂಜಿಲೆಂಡ್ ಮೊದಲು ಇಂಟರ್‌ನೆಟ್‌ಗೆ ಸೇರಿದ್ದು 1989ರಲ್ಲಿ, ಹ್ಯಾಮಿಲ್ಟನ್‌ನ ವೈಕಾಟೊ ವಿಶ್ವವಿದ್ಯಾಲಯದಿಂದ ಹವಾಯಿಗೆ ಎಳೆದ ಒಂದು ಬಾಡಿಗೆ ಲೈನಿನ ಮೂಲಕ. ಅದರ ವೇಗ ಸೆಕೆಂಡಿಗೆ 9,600 ಬಿಟ್. ಹ್ಯಾಮಿಲ್ಟನ್ ಗಾರ್ಡನ್ಸ್‌ನ ಚಾರ್‌ಬಾಗ್ ತೋಟದಲ್ಲಿ ಈಗ ತೆಗೆದ 5 ಮೆಗಾಬೈಟ್‌ನ ಒಂದು ಫೋಟೊವನ್ನು ಆ ಲೈನಿನಲ್ಲಿ ಕಳಿಸಿದ್ದರೆ ಸುಮಾರು 70 ನಿಮಿಷ ಹಿಡಿಯುತ್ತಿತ್ತು.

ಈ ಲೆಕ್ಕದಲ್ಲೇ ಜನ ಎಡವುವ ಒಂದು ಜಾಗವಿದೆ. ಫೋಟೊದ ಗಾತ್ರ ಹೇಳುವುದು ಬೈಟ್‌ನಲ್ಲಿ, ಸಂಪರ್ಕದ ವೇಗ ಹೇಳುವುದು ಬಿಟ್‌ನಲ್ಲಿ. 8 ಬಿಟ್‌ಗೆ ಒಂದು ಬೈಟ್. ಹಾಗಾಗಿ 100 ಮೆಗಾಬಿಟ್ ಲೈನಿನಲ್ಲಿ ಸೆಕೆಂಡಿಗೆ ಹೋಗುವುದು ಹೆಚ್ಚೆಂದರೆ 12.5 ಮೆಗಾಬೈಟ್. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆದ ವೇಗ ಸಾಮಾನ್ಯವಾಗಿ ಇಳಿಸಿಕೊಳ್ಳುವುದರದ್ದು. ಕ್ಲೌಡ್‌ಗೆ ಬೇಕಾದದ್ದು ಏರಿಸುವ ವೇಗ, ಅದು ಬಹಳ ಕಡೆ ಕಡಿಮೆ. ಆ ತಾಯಿಯ 60 ಗಿಗಾಬೈಟ್ ಏರಲು 100 ಮೆಗಾಬಿಟ್‌ನಲ್ಲಿ 80 ನಿಮಿಷ ಸಾಕು. ರಜೆಗೆ ಊರಿಗೆ ಹೋಗಿ 5 ಮೆಗಾಬಿಟ್ ಮಾತ್ರ ಸಿಗುವ ಜಾಗದಲ್ಲಿ ಕೂತರೆ 26 ಗಂಟೆ ದಾಟುತ್ತದೆ, ಅದೂ ಸಂಪರ್ಕ ಒಮ್ಮೆಯೂ ಕಡಿಯದಿದ್ದರೆ. ವೈಫೈ ಇದ್ದಾಗ ಮಾತ್ರ ಏರಿಸು ಎಂದು ಸೆಟ್ಟಿಂಗ್ ಇಟ್ಟಿದ್ದರೆ ದಾರಿಯಲ್ಲಿ ಏನೂ ಏರುವುದಿಲ್ಲ. ಬ್ಯಾಕಪ್ ‘ಆನ್’ ಇದೆ ಎಂದ ಮಾತ್ರಕ್ಕೆ ಬ್ಯಾಕಪ್ ‘ಮುಗಿದಿದೆ’ ಎಂದಲ್ಲ.

ನಂಬಿಕೆ: ಆಕ್ಲೆಂಡ್‌ನಲ್ಲೇ ಡೇಟಾ ಸೆಂಟರ್ ಬಂದಿದೆ, ನಮ್ಮ ಫೋಟೊಗಳೂ ಇಲ್ಲೇ ಇರುತ್ತವೆ.

ಸತ್ಯ: ಮೈಕ್ರೊಸಾಫ್ಟ್ 2024ರ ಡಿಸೆಂಬರ್‌ನಲ್ಲಿ, ಅಮೆಜಾನ್ 2025ರ ಸೆಪ್ಟೆಂಬರ್‌ನಲ್ಲಿ ಆಕ್ಲೆಂಡ್ ಸುತ್ತ ತಮ್ಮ ‘ರೀಜನ್’ ತೆರೆದದ್ದು ನಿಜ. ರೀಜನ್ ಎಂದರೆ ಒಂದು ಪ್ರದೇಶದಲ್ಲಿರುವ ಡೇಟಾ ಸೆಂಟರ್‌ಗಳ ಗುಂಪು. ನಮ್ಮ ಡೇಟಾ ಇಲ್ಲೇ ಇರಲಿ ಎಂದು ಆರಿಸಿಕೊಳ್ಳುವ ಅವಕಾಶ ಇರುವುದು ಬ್ಯಾಂಕು, ಸರ್ಕಾರಿ ಇಲಾಖೆ, ಕಂಪನಿಗಳಂಥ ಗಿರಾಕಿಗಳಿಗೆ. ನಿಮ್ಮ ಫೋನಿನ ಫೋಟೊ ಖಾತೆಯಲ್ಲಿ ಅಂಥ ಗುಂಡಿ ಇರುವುದಿಲ್ಲ. ಎಲ್ಲಿಡಬೇಕು ಎಂಬುದು ಕಂಪನಿಯ ತೀರ್ಮಾನ.

ನಂಬಿಕೆ: ಕ್ಲೌಡ್‌ನಲ್ಲಿ ಹತ್ತಾರು ಪ್ರತಿ ಇರುತ್ತವೆ, ಕಳೆದುಹೋಗುವ ಮಾತೇ ಇಲ್ಲ.

ಇದರಲ್ಲಿ ಅರ್ಧ ನಿಜವಿದೆ. ಅರ್ಧ ನಿಜವಾದ್ದರಿಂದಲೇ ಹೆಚ್ಚು ಅಪಾಯ.

ಡಿಸ್ಕ್‌ಗಳು ಕೆಡುತ್ತಲೇ ಇರುತ್ತವೆ. ಆದ್ದರಿಂದ ಕಂಪನಿಗಳು ಒಂದೇ ಫೈಲನ್ನು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಎಷ್ಟೋ ಸಲ ಬೇರೆ ಬೇರೆ ಕಟ್ಟಡಗಳಲ್ಲಿ ಇಡುತ್ತವೆ. ಇದೇ ರೆಪ್ಲಿಕೇಶನ್. ಹೀಗೆ ಇಟ್ಟದ್ದು ಉಳಿಯುವ ಸಾಧ್ಯತೆಗೆ ಡ್ಯುರಬಿಲಿಟಿ ಎನ್ನುತ್ತಾರೆ. ಅಮೆಜಾನಿನ ಎಸ್3 ಸೇವೆಯನ್ನು ವರ್ಷಕ್ಕೆ 99.999999999 ಶೇಕಡಾ ಡ್ಯುರಬಿಲಿಟಿಗೆ ರೂಪಿಸಲಾಗಿದೆ. ಒಂದು ಕೋಟಿ ಫೈಲ್ ಇಟ್ಟರೆ ಸರಾಸರಿ 10,000 ವರ್ಷಕ್ಕೆ ಒಂದು ಕಳೆಯಬಹುದು ಎಂದು ಇದರ ಅರ್ಥ. ಕೇಳಲು ಭಾರಿ ಧೈರ್ಯ ಬರುತ್ತದೆ. ಆದರೆ ಈ ಲೆಕ್ಕ ಯಂತ್ರ ಕೆಡುವುದರದ್ದು. ನೀವೇ ‘ಅಳಿಸು’ ಎಂದರೆ, ಅಥವಾ ನಿಮ್ಮ ಪಾಸ್‌ವರ್ಡ್ ಕದ್ದವನು ಅಳಿಸು ಎಂದರೆ, ಆ ಆಜ್ಞೆಯನ್ನೂ ಯಂತ್ರ ಅಷ್ಟೇ ನಿಷ್ಠೆಯಿಂದ ಎಲ್ಲ ಪ್ರತಿಗಳ ಮೇಲೂ ಪಾಲಿಸುತ್ತದೆ.

ಪ್ರತಿಗಳು ಎಲ್ಲಿವೆ ಎಂಬುದೂ ಮುಖ್ಯ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಬೆಂಕಿಗೆ ಸುಟ್ಟುಹೋಯಿತು. ಮೂಲ ಫೈಲ್ ಮತ್ತು ಅದರ ಬ್ಯಾಕಪ್ ಎರಡೂ ಅದೇ ಕಟ್ಟಡದಲ್ಲಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು.

ಹ್ಯಾಮಿಲ್ಟನ್ ಜನಕ್ಕೆ ಇದರ ಇನ್ನೊಂದು ಮುಖ ಗೊತ್ತು. ಅದೇ ವರ್ಷ ಮೇ 18ರಂದು ವೈಕಾಟೊ ಜಿಲ್ಲಾ ಆರೋಗ್ಯ ಮಂಡಳಿಯ ಕಂಪ್ಯೂಟರ್‌ಗಳ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆಯಿತು. ಒಳನುಗ್ಗಿದವರು ಫೈಲ್‌ಗಳಿಗೆ ಬೀಗ ಹಾಕಿದ ಹಾಗೆ ಅವನ್ನು ಓದಲಾಗದಂತೆ ಮಾಡಿ, ಬಿಡಿಸಬೇಕಾದರೆ ಹಣ ಕೊಡಿ ಎನ್ನುವ ದಾಳಿ ಇದು. ವೈಕಾಟೊ ಆಸ್ಪತ್ರೆ ಸೇರಿ ಐದು ಆಸ್ಪತ್ರೆಗಳಲ್ಲಿ ಕಂಪ್ಯೂಟರ್, ಫೋನ್ ಲೈನ್ ನಿಂತವು. ಸಿಬ್ಬಂದಿ ಕಾಗದ ಪೆನ್ನು ಹಿಡಿದರು, ಎಷ್ಟೋ ಶಸ್ತ್ರಚಿಕಿತ್ಸೆ ಮುಂದೆ ಹೋದವು. ಹಣ ಕೊಡಲಿಲ್ಲ, ವ್ಯವಸ್ಥೆಗಳನ್ನು ಒಂದೊಂದಾಗಿ ಮತ್ತೆ ಎಬ್ಬಿಸಲು ವಾರಗಟ್ಟಲೆ ಹಿಡಿಯಿತು. ಕದ್ದ ಮಾಹಿತಿಯಲ್ಲಿ ಒಂದಿಷ್ಟನ್ನು ದಾಳಿಕೋರರು ಡಾರ್ಕ್ ವೆಬ್‌ನಲ್ಲಿ ಹಾಕಿದರು. ಇದು ಫೋಟೊ ಇಡುವ ಕ್ಲೌಡ್ ಖಾತೆಯ ಕಥೆ ಅಲ್ಲ, ನಿಜ. ಆದರೂ ಬ್ಯಾಕಪ್‌ನ ಮಿತಿ ಎರಡೂ ಕಡೆ ಒಂದೇ: ಬ್ಯಾಕಪ್ ಕಳೆದದ್ದನ್ನು ಮರಳಿ ಕೊಡಬಹುದು, ಕದ್ದು ಹೊರಗೆ ಹೋದದ್ದನ್ನು ಒಳಗೆ ತರಲಾರದು.

ನಂಬಿಕೆ: ಕ್ಲೌಡ್‌ಗೆ ಏರಿದ ಮೇಲೆ ಫೋನಿನಿಂದ ಅಳಿಸಬಹುದು.

ನಮ್ಮ ಸಂಸಾರ ಸಿಕ್ಕಿಬಿದ್ದದ್ದು ಇಲ್ಲಿ. ಸಿಂಕ್ ಮತ್ತು ಬ್ಯಾಕಪ್ ಎರಡೂ ಒಂದೇ ಎಂದುಕೊಂಡದ್ದರ ಫಲ ಇದು.

ಬ್ಯಾಕಪ್ ಎಂದರೆ ಮೂಲಕ್ಕೆ ಏನಾದರೂ ತನ್ನ ಪಾಡಿಗೆ ತಾನು ಉಳಿಯುವ ಬೇರೆ ಪ್ರತಿ. ಸಿಂಕ್ ಎಂದರೆ ಎರಡೂ ಕಡೆ ಸದಾ ಒಂದೇ ರೀತಿ ಇರುವಂತೆ ನೋಡಿಕೊಳ್ಳುವ ಕೆಲಸ. ಗಂಡ ಹೆಂಡತಿಯ ಜಂಟಿ ಖಾತೆಗೆ ಎರಡು ಪಾಸ್‌ಬುಕ್ ಇದ್ದರೆ ಹಣ ಎರಡಾಗುವುದಿಲ್ಲ. ಒಬ್ಬರು ತೆಗೆದರೆ ಇನ್ನೊಬ್ಬರ ಪುಸ್ತಕದಲ್ಲೂ ಕಡಿಮೆಯಾಗುತ್ತದೆ. ಸಿಂಕ್ ಅದೇ ಲೆಕ್ಕ.

ಗೂಗಲ್ ಫೋಟೊಸ್ ಆ್ಯಪ್ ಒಳಗೆ ಒಂದು ಫೋಟೊವನ್ನು ಸಾಮಾನ್ಯ ರೀತಿಯಲ್ಲಿ ಅಳಿಸಿದರೆ ಅದು ಖಾತೆಯಿಂದಲೂ ಹೋಗುತ್ತದೆ. ಬ್ಯಾಕಪ್ ಆಗಿದ್ದ ಫೋಟೊ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಆಮೇಲೆ ಪೂರ್ತಿ ಹೋಗುತ್ತದೆ. ಆ ಸಂಸಾರ ಎರಡು ತಿಂಗಳು ಕಳೆದು ನೋಡಿದಾಗ ಏನೂ ಸಿಗದಿದ್ದದ್ದು ಇದಕ್ಕೇ. ಐಫೋನಿನ ಐಕ್ಲೌಡ್ ಫೋಟೊಸ್‌ನಲ್ಲಿ Recently Deleted ಫೋಲ್ಡರಿನ ಅವಧಿ ಸುಮಾರು 30 ದಿನ. ಹೆಂಡತಿ ಅಳಿಸಿದ ಮರುದಿನವೇ ತಿಳಿದಿದ್ದರೆ ಎಲ್ಲವನ್ನೂ ವಾಪಸು ತರಬಹುದಿತ್ತು.

ಹಾಗಾದರೆ ಫೋನಿನಲ್ಲಿ ಜಾಗ ಮಾಡುವುದು ಹೇಗೆ? ಗೂಗಲ್ ಫೋಟೊಸ್‌ನಲ್ಲಿ Free up space ಎಂಬ ಆಯ್ಕೆ ಇದೆ. ಅದು ಆಗಲೇ ಖಾತೆಗೆ ಏರಿರುವುದನ್ನು ಮಾತ್ರ ಆರಿಸಿ ಫೋನಿನಿಂದಷ್ಟೇ ತೆಗೆಯುತ್ತದೆ. ಐಫೋನಿನಲ್ಲಿ Optimise iPhone Storage ಒತ್ತಿದರೆ ಫೋನಿನಲ್ಲಿ ಚಿಕ್ಕ ಪ್ರತಿ ಉಳಿದು, ಪೂರ್ತಿ ಗಾತ್ರದ್ದು ಕ್ಲೌಡ್‌ನಲ್ಲಿರುತ್ತದೆ. ನಿಮ್ಮ ಫೋನಿನಲ್ಲಿ ಇರುವುದು ಯಾವುದು ಎಂದು ತಿಳಿಯಬೇಕೇ? ಏರೋಪ್ಲೇನ್ ಮೋಡ್ ಹಾಕಿ ಹಳೆಯ ಫೋಟೊ ಒಂದನ್ನು ತೆರೆದು ದೊಡ್ಡದು ಮಾಡಿ. ಮಂಜಾಗಿಯೇ ಉಳಿದರೆ ನಿಮ್ಮ ಕೈಲಿರುವುದು ಬರೀ ತುಣುಕು ಚಿತ್ರ.

ಆದರೆ ಹೀಗೆ ಜಾಗ ಮಾಡಿಕೊಂಡ ಕ್ಷಣದಿಂದ ಕ್ಲೌಡ್‌ನಲ್ಲಿರುವುದು ಬ್ಯಾಕಪ್ ಅಲ್ಲ, ಅದೇ ಏಕೈಕ ಮೂಲ. ಇದನ್ನು ಹೇಳುವವರು ಕಡಿಮೆ. ಗೂಗಲ್ ಖಾತೆಯನ್ನು ಎರಡು ವರ್ಷ ಯಾರೂ ಮುಟ್ಟದಿದ್ದರೆ ಕಂಪನಿ ಅದನ್ನು ಅಳಿಸಬಹುದು. ಬಾಡಿಗೆ ಕಟ್ಟುವುದು ನಿಲ್ಲಿಸಿ, ಉಚಿತವಾಗಿ ಸಿಗುವ 15 ಗಿಗಾಬೈಟ್ ಮಿತಿಯನ್ನು ಎರಡು ವರ್ಷ ಮೀರಿಕೊಂಡೇ ಇದ್ದರೂ ಅಷ್ಟೇ. ಫೋಟೊ ಏರಿಸಲೆಂದೇ ಮಗ ತೆರೆದುಕೊಟ್ಟು, ಆಮೇಲೆ ಎಲ್ಲರೂ ಮರೆತ ಅಜ್ಜಿಯ ಖಾತೆಗಳು ಎಷ್ಟಿವೆಯೋ!

ಆದ್ದರಿಂದ ಕ್ಲೌಡ್‌ನ ಆಚೆಗೆ ಇನ್ನೊಂದು ಪ್ರತಿ ಬೇಕು. ಗೂಗಲ್‌ನದ್ದಾದರೆ ಕಂಪ್ಯೂಟರಿನಲ್ಲಿ takeout.google.com ತೆರೆದು ಫೋಟೊಗಳನ್ನಷ್ಟೇ ಆರಿಸಿ ಕೇಳಿದರೆ, ಜಿಪ್ ಫೈಲ್‌ಗಳಾಗಿ ಕಟ್ಟಿ ಇಮೇಲ್‌ಗೆ ಕೊಂಡಿ ಕಳಿಸುತ್ತಾರೆ. ಆ ಕೊಂಡಿಗೆ ಕೆಲವೇ ದಿನ ಆಯಸ್ಸು, ಬಂದ ಕೂಡಲೇ ಇಳಿಸಿಕೊಳ್ಳಬೇಕು. ಜಿಪ್ ಬಿಚ್ಚಿದಾಗ ಪ್ರತಿ ಫೋಟೊದ ಪಕ್ಕ ಅದೇ ಹೆಸರಿನ ಒಂದು json ಫೈಲ್ ಕಾಣುತ್ತದೆ. ಕಸ ಎಂದು ಎಸೆಯಬೇಡಿ. ತೆಗೆದ ದಿನ, ನೀವು ಬರೆದ ವಿವರಣೆ ಅದರಲ್ಲಿರುತ್ತವೆ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿ, ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಡಿ. ಚುಚ್ಚಿಕೊಂಡೇ ಇದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಊರಿಗೆ ಹೋಗುವಾಗ ಇನ್ನೊಂದು ಡಿಸ್ಕ್ ಮಾಡಿಕೊಂಡು ಮೈಸೂರಿನ ಮನೆಯಲ್ಲಿಟ್ಟು ಬಂದರೆ ಹ್ಯಾಮಿಲ್ಟನ್ ಮನೆಗೆ ಕಳ್ಳ ನುಗ್ಗಿದರೂ ಭಯವಿಲ್ಲ.

ಡಿಸ್ಕ್‌ಗೆ ಹಾಕಿದ ದಿನವೇ ನಾಲ್ಕಾರು ಫೋಟೊ, ಒಂದೆರಡು ವಿಡಿಯೊಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಅವು ಸರಿಯಾಗಿ ತೆರೆದುಕೊಂಡ ಮೇಲಷ್ಟೇ ಫೋನಿನಲ್ಲಿ ಅಳಿಸುವ ಗುಂಡಿಗೆ ಕೈ ಹಾಕಿ.