ಪಾಯಿಂಟಿನ ಬೆಲೆ ಪೈಸೆಯಲ್ಲಿ

ಮೈಸೂರಿನಲ್ಲಿರುವ ನನ್ನ ತಂಗಿ ಕಳೆದ ತಿಂಗಳು ಫೋನ್ ಮಾಡಿದ್ದಳು. "ಅಣ್ಣಾ, ಕಾರ್ಡಿಗೆ ವರ್ಷದ ಶುಲ್ಕ ಹಾಕಿದ್ದಾರೆ. ಹೋಗಲಿ ಬಿಡು, ಪಾಯಿಂಟಲ್ಲಿ ವಸೂಲಾಗುತ್ತಲ್ವಾ?" ಆ ಭಾನುವಾರ ಅವಳ ಮನೆಗೆ ಹೋಗಿ, ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಹರಡಿಕೊಂಡು ಇಬ್ಬರೂ ಲೆಕ್ಕಕ್ಕೆ ಕೂತೆವು.

ಕಾರ್ಡಿನ ಶುಲ್ಕ 2,500 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಸೇರಿ ಅವಳು ಕಟ್ಟಿದ್ದು 2,950. ಪ್ರತಿ 150 ರೂಪಾಯಿ ಖರ್ಚಿಗೆ 4 ಪಾಯಿಂಟ್. ತಿಂಗಳಿಗೆ ಸರಾಸರಿ 25,000 ರೂಪಾಯಿಯನ್ನು ಅವಳು ಕಾರ್ಡಿನಲ್ಲೇ ಕೊಡುತ್ತಾಳೆ, ಅಂದರೆ ವರ್ಷಕ್ಕೆ 3 ಲಕ್ಷ. ಅದಕ್ಕೆ 8,000 ಪಾಯಿಂಟ್ ಬರಬೇಕು ಎಂಬುದು ಅವಳ ಲೆಕ್ಕ. ಖಾತೆ ತೆರೆದರೆ ಇದ್ದದ್ದು 3,600.

ಬ್ಯಾಂಕ್ ಮೋಸ ಮಾಡಿರಲಿಲ್ಲ. ಎಲ್ಲ ಖರ್ಚಿಗೂ ಪಾಯಿಂಟ್ ಸಿಗುವುದಿಲ್ಲ, ಅಷ್ಟೆ. ತಿಂಗಳಿಗೆ 4,000 ಪೆಟ್ರೋಲಿಗೆ, 5,000 ಮೊಬೈಲಿನ ಇಎಂಐಗೆ, 4,000 ವಾಲೆಟ್ ತುಂಬಿಸಲು ಹೋಗುತ್ತಿತ್ತು. ಈ ಮೂರನ್ನೂ ಬಹುತೇಕ ಕಾರ್ಡುಗಳು ಪಾಯಿಂಟ್ ಲೆಕ್ಕದಿಂದ ಹೊರಗಿಡುತ್ತವೆ. ಉಳಿದದ್ದು ದಿನಸಿ, ಬಟ್ಟೆ, ಔಷಧಿ, ಹೋಟೆಲು: ತಿಂಗಳಿಗೆ 12,000, ವರ್ಷಕ್ಕೆ 1,44,000. ಅದಕ್ಕೂ ಪೂರ್ತಿ 3,840 ಪಾಯಿಂಟ್ ಬಂದಿಲ್ಲ. ಲೆಕ್ಕ ನಡೆಯುವುದು ಒಂದೊಂದು ಬಿಲ್ಲಿಗೆ ಬೇರೆ ಬೇರೆಯಾಗಿ. 140 ರೂಪಾಯಿಯ ಬಿಲ್ಲಿಗೆ ಏನೂ ಇಲ್ಲ, 290ರ ಬಿಲ್ಲಿಗೂ ನಾಲ್ಕೇ ಪಾಯಿಂಟ್. ಹೀಗೆ ಚಿಲ್ಲರೆಯಲ್ಲಿ ಸೋರಿಹೋದದ್ದು 240.

ಇನ್ನು ಒಂದು ಪಾಯಿಂಟಿಗೆ ಎಷ್ಟು ರೂಪಾಯಿ? ಒಂದೇ ಪಾಯಿಂಟಿಗೆ ಎರಡು ಮೂರು ಬೆಲೆಗಳಿರುತ್ತವೆ. ಅವಳ ಕಾರ್ಡಿನಲ್ಲಿ ಪಾಯಿಂಟನ್ನು ಬಿಲ್ಲಿಗೇ ವಜಾ ಮಾಡಿಸಿಕೊಂಡರೆ 20 ಪೈಸೆ, ಬ್ಯಾಂಕಿನ ಜಾಲತಾಣದಲ್ಲಿ ವಿಮಾನದ ಟಿಕೆಟ್ ಕೊಂಡರೆ 50 ಪೈಸೆ. 3,600 ಪಾಯಿಂಟ್ ಅಂದರೆ ಒಂದು ದಾರಿಯಲ್ಲಿ 720 ರೂಪಾಯಿ, ಇನ್ನೊಂದರಲ್ಲಿ 1,800. ವರ್ಷಕ್ಕೊಮ್ಮೆಯೂ ವಿಮಾನ ಹತ್ತದವರಿಗೆ ಆ 50 ಪೈಸೆ ಕಾಗದದ ಮೇಲಿನ ಬೆಲೆ. ನೀವು ನಿಜವಾಗಿ ಬಳಸುವ ದಾರಿಯ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮೇಲಾಗಿ ಕೆಲವು ಬ್ಯಾಂಕುಗಳು ಪಾಯಿಂಟ್ ಬಳಸುವಾಗಲೂ ಶುಲ್ಕ ಹಿಡಿಯುತ್ತವೆ. 99 ರೂಪಾಯಿ ಮತ್ತು ಜಿಎಸ್‌ಟಿ ಹಿಡಿದರೆ 720ರಲ್ಲಿ 117 ಹೋಯಿತು.

ಅತಿ ಒಳ್ಳೆಯ ಬೆಲೆ ಸಿಕ್ಕರೂ 1,800, ಕೊಟ್ಟದ್ದು 2,950. ಇಲ್ಲಿಗೇ ನಷ್ಟ ಎದ್ದು ಕಾಣುತ್ತದೆ. ಆದರೂ ಹೆಚ್ಚಿನವರು ಮರೆಯುವ ಮುಖ್ಯ ಹೋಲಿಕೆ ಇನ್ನೊಂದಿದೆ. ವಾರ್ಷಿಕ ಶುಲ್ಕವೇ ಇಲ್ಲದ, 1% ಹಣ ವಾಪಸ್ ಕೊಡುವ ಕಾರ್ಡಿನಲ್ಲಿ ಇದೇ 1,44,000 ಖರ್ಚು ಮಾಡಿದ್ದರೆ ಅವಳಿಗೆ 1,440 ರೂಪಾಯಿ ಬರುತ್ತಿತ್ತು. ಹಾಗಾಗಿ ಶುಲ್ಕದ ಕಾರ್ಡು ತಂದುಕೊಟ್ಟ ಹೆಚ್ಚುವರಿ ಲಾಭ ವಿಮಾನ ಹತ್ತಿದರೂ ಬರೀ 360 ರೂಪಾಯಿ. ಅದಕ್ಕಾಗಿ ತೆತ್ತದ್ದು 2,950. ಇಷ್ಟನ್ನು ಬರೆದು ತೋರಿಸಿದ ಮೇಲೆ ತಂಗಿ ಪೆನ್ನು ಕೆಳಗಿಟ್ಟಳು.

"ಮೊದಲ ವರ್ಷ ಲಾಭ ಆಗಿತ್ತಲ್ಲ?" ಎಂದು ಕೇಳಿದಳು. ಹೌದು, ಸೇರುವಾಗ ಶುಲ್ಕದಷ್ಟೇ ಬೆಲೆಯ ವೋಚರ್ ಕೊಟ್ಟಿದ್ದರು. ಕಾರ್ಡಿನ ಯೋಗ್ಯತೆ ತಿಳಿಯುವುದು ಎರಡನೆಯ ವರ್ಷದಲ್ಲಿ.

ಹಾಗಾದರೆ ಇಂಥ ಕಾರ್ಡು ಯಾರಿಗೆ ಸರಿ? ಈ ಕಾರ್ಡಿನಲ್ಲಿ ವರ್ಷಕ್ಕೆ 4 ಲಕ್ಷ ದಾಟಿದರೆ ಶುಲ್ಕ ಮನ್ನಾ. ಪಾಯಿಂಟ್ ಸಿಗುವಂಥ ಖರ್ಚೇ 4 ಲಕ್ಷವಿದ್ದು, ವರ್ಷಕ್ಕೆ ಎರಡು ಬಾರಿ ವಿಮಾನದಲ್ಲಿ ಓಡಾಡುವ ಮನೆಗೆ ಸುಮಾರು 5,300 ರೂಪಾಯಿ ಬರುತ್ತದೆ. 1% ಕಾರ್ಡಿನ 4,000ಕ್ಕಿಂತ ಅದು ಮೇಲು, ಶುಲ್ಕವೂ ಇಲ್ಲ. ಆದರೆ ಗಡಿ ಮುಟ್ಟಲೆಂದೇ ಬೇಡದ್ದಕ್ಕೆ 50,000 ಸುರಿಯುವುದು 2,950 ಉಳಿಸುವ ದಾರಿಯಲ್ಲ. ಮನ್ನಾದ ಲೆಕ್ಕದಿಂದಲೂ ಹಲವು ಕಾರ್ಡುಗಳು ಕೆಲವು ಖರ್ಚುಗಳನ್ನು ಬಿಟ್ಟುಬಿಡುತ್ತವೆ. ನಿಯಮದ ಆ ಸಾಲನ್ನು ಓದಿಯೇ ನಂಬಬೇಕು.

ಈ ಲೆಕ್ಕವೆಲ್ಲ ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವವರದು. ತಿಂಗಳಿಗೆ 3.5% ಬಡ್ಡಿಯಂತೆ 20,000 ರೂಪಾಯಿ ಒಂದು ತಿಂಗಳು ಉಳಿದರೆ ಜಿಎಸ್‌ಟಿ ಸೇರಿ 826 ರೂಪಾಯಿ. ತಂಗಿ ವರ್ಷವಿಡೀ ಕೂಡಿಸಿದ 720ಕ್ಕಿಂತ ಹೆಚ್ಚು.

ಮಾರನೆಯ ದಿನ ಅವಳು ಮೊದಲು ಪಾಯಿಂಟುಗಳನ್ನು ಬಳಸಿ ಮುಗಿಸಿದಳು, ಏಕೆಂದರೆ ಕಾರ್ಡು ಮುಚ್ಚಿದರೆ ಸಾಮಾನ್ಯವಾಗಿ ಅವೂ ಹೋಗುತ್ತವೆ. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಶುಲ್ಕ ಮನ್ನಾ ಕೇಳಿದಳು. ಒಪ್ಪಲಿಲ್ಲ. ಬಾಕಿ ತೀರಿಸಿ ಕಾರ್ಡು ಮುಚ್ಚಲು ಅರ್ಜಿ ಕೊಟ್ಟಳು. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ದಂಡ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2022ರ ನಿಯಮ.