‘ತೊಂಬತ್ತು ಪರ್ಸೆಂಟ್ ಆಯ್ತು ಸಾರ್’

ಕಟ್ಟಡ ಏಳುತ್ತಿರುವ ಯಾವ ಸೈಟಿಗೆ ಹೋಗಿ ಕೇಳಿದರೂ ಫೋರ್‌ಮನ್ ಬಾಯಲ್ಲಿ ಬರುವ ಮಾತು ಇದೇ. ಮುಂದಿನ ವಾರ ಹೋಗಿ ಕೇಳಿ, ಆಗಲೂ ತೊಂಬತ್ತೇ. ಅವರು ಸುಳ್ಳು ಹೇಳುತ್ತಿಲ್ಲ, ಕಣ್ಣಿಗೆ ಕಂಡಷ್ಟನ್ನು ಅಂದಾಜಿನಲ್ಲಿ ಹೇಳುತ್ತಿದ್ದಾರೆ. ಈ ಅಂದಾಜನ್ನು ಅಳತೆಗೆ ತರಲೆಂದೇ ದೊಡ್ಡ ಸೈಟುಗಳಲ್ಲಿ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡಿರುತ್ತಾರೆ. ಅವರೇ ಪ್ಲಾನಿಂಗ್ ಇಂಜಿನಿಯರ್.

ಉದ್ಯೋಗದ ಜಾಹೀರಾತಿನಲ್ಲಿ ಈ ಕೆಲಸದ ವಿವರ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ: ವೇಳಾಪಟ್ಟಿಯನ್ನು ವಾರವಾರ ಪರಿಷ್ಕರಿಸುವುದು, ಪ್ರಗತಿಯನ್ನು ಅಳೆದು ವರದಿ ಮಾಡುವುದು. ಸಿವಿಲ್ ಬಿ.ಇ. ಆಗಿರಬೇಕು, ಪ್ರಿಮಾವೆರಾ ಅಥವಾ ಎಂಎಸ್ ಪ್ರಾಜೆಕ್ಟ್ ಗೊತ್ತಿರಬೇಕು. ಓದಿದವರಿಗೆ ಇದು ಎ.ಸಿ. ರೂಮಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಅನ್ನಿಸುತ್ತದೆ. ಆದರೆ ಈ ಕೆಲಸ ನಿಜವಾಗಿ ಶುರುವಾಗುವುದು ಹೆಲ್ಮೆಟ್ ಹಾಕಿಕೊಂಡು ಮಹಡಿ ಹತ್ತಿದಾಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹತ್ತು ಮಹಡಿಯ ಅಪಾರ್ಟ್‌ಮೆಂಟ್, ಮಹಡಿಗೆ 40 ಪಿಲ್ಲರ್. ಐದನೇ ಮಹಡಿಯ ಪಿಲ್ಲರ್‌ಗಳಿಗೆ ವೇಳಾಪಟ್ಟಿ ಕೊಟ್ಟಿರುವುದು ಎಂಟು ಕೆಲಸದ ದಿನ. ಸೋಮವಾರ ಶುರುವಾಗಿದೆ, ಭಾನುವಾರ ರಜೆ, ಅಂದರೆ ಮುಂದಿನ ಮಂಗಳವಾರ ಮುಗಿಯಬೇಕು. ಇಂದು ಶುಕ್ರವಾರ ಸಂಜೆ, ಐದು ದಿನ ಕಳೆದಿದೆ. ಫೋರ್‌ಮನ್ ತಮ್ಮ ತೊಂಬತ್ತನ್ನು ಹೇಳಿಯಾಗಿದೆ.

ಪ್ಲಾನಿಂಗ್ ಇಂಜಿನಿಯರ್ ಅದನ್ನು ಬರೆದುಕೊಳ್ಳುವುದಿಲ್ಲ. ಪಿಲ್ಲರ್ ಎಂಬುದು ಒಂದೇ ಕೆಲಸವಲ್ಲ. ಕಂಬಿ ಕಟ್ಟಬೇಕು, ಶಟರಿಂಗ್ ನಿಲ್ಲಿಸಬೇಕು, ಕಾಂಕ್ರೀಟ್ ಸುರಿಯಬೇಕು, ಶಟರ್ ಬಿಚ್ಚಿದ ಮೇಲೆ ಸರಿಯಾಗಿದೆಯೇ ಎಂದು ನೋಡಬೇಕು. ಯಾವ ಹಂತಕ್ಕೆ ಎಷ್ಟು ಅಂಕ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಗುತ್ತಿಗೆದಾರರೂ ಮಾಲೀಕರ ಕಡೆಯವರೂ ಕೂತು ಒಪ್ಪಿಕೊಂಡಿರುತ್ತಾರೆ. ಇಲ್ಲಿ ಕಂಬಿಗೆ 30, ಶಟರಿಂಗ್‌ಗೆ 25, ಕಾಂಕ್ರೀಟ್‌ಗೆ 35, ಬಿಚ್ಚಿ ಒಪ್ಪಿಗೆ ಪಡೆದಿದ್ದಕ್ಕೆ 10 ಎಂದಿರಲಿ. ಎಣಿಸಿ ನೋಡಿದರೆ 40 ಪಿಲ್ಲರ್‌ಗೂ ಕಂಬಿ ಕಟ್ಟಿ ಆಗಿದೆ. ಶಟರಿಂಗ್ ನಿಂತಿದ್ದು 30ಕ್ಕೆ. ಕಾಂಕ್ರೀಟ್ ಬಿದ್ದಿದ್ದು 20ಕ್ಕೆ, ಅದರಲ್ಲೂ ಬಿಚ್ಚಿ ಮುಗಿಸಿದ್ದು 10 ಮಾತ್ರ. ಲೆಕ್ಕ ಹಾಕಿದರೆ 4000 ಅಂಕಕ್ಕೆ 2750. ಅಂದರೆ ಶೇ. 68.75. ಫೋರ್‌ಮನ್ ಕಣ್ಣಿಗೆ ತೊಂಬತ್ತು ಕಂಡಿದ್ದು ಯಾಕೆಂದರೆ ಮಹಡಿ ತುಂಬ ಕಂಬಿ ನಿಂತಿದೆ.

ಅಳತೆ ಇಲ್ಲಿಗೆ ಮುಗಿಯಿತು, ವೇಳಾಪಟ್ಟಿಯ ಕೆಲಸ ಈಗ ಶುರು. ಹೊಸಬರು ಎಡವುವುದೂ ಇಲ್ಲೇ. 68.75 ಅನ್ನು ಹಾಗೇ ಕಂಪ್ಯೂಟರಿಗೆ ಕೊಟ್ಟು, ಉಳಿದ ದಿನಗಳ ಲೆಕ್ಕವನ್ನು ಅದಕ್ಕೇ ಬಿಟ್ಟರೆ ಎಂಟು ದಿನದಲ್ಲಿ ಶೇ. 31.25 ಬಾಕಿ ಎಂದು ಎರಡೂವರೆ ದಿನ ತೋರಿಸುತ್ತದೆ. ಅಂದರೆ ಅರ್ಧ ದಿನ ಮುಂಚೆಯೇ ಮುಗಿಯುತ್ತದೆ ಎಂದಾಯಿತು. ಎಲ್ಲರಿಗೂ ಖುಷಿ.

ಸೈಟಿನ ಕಥೆ ಬೇರೆಯೇ ಇದೆ. ಅಲ್ಲಿರುವುದು 20 ಪಿಲ್ಲರಿಗೆ ಸಾಲುವಷ್ಟು ಶಟರ್ ಮಾತ್ರ. ಹತ್ತು ಪಿಲ್ಲರಿನವು ಇಂದು ಮಧ್ಯಾಹ್ನ ಸುರಿದ ಕಾಂಕ್ರೀಟನ್ನು ಹಿಡಿದು ನಿಂತಿವೆ. ಇನ್ನು ಹತ್ತರವು ನಾಳಿನ ಕಾಂಕ್ರೀಟಿಗಾಗಿ ಕಾಯುತ್ತಿವೆ. ಪಿಲ್ಲರಿನ ಶಟರನ್ನು ಸಾಮಾನ್ಯವಾಗಿ 16ರಿಂದ 24 ಗಂಟೆ ಕಳೆಯದೆ ಬಿಚ್ಚುವಂತಿಲ್ಲ ಎನ್ನುತ್ತದೆ ಐಎಸ್ 456 ಎಂಬ ಭಾರತೀಯ ಮಾನಕ. ಹೀಗಾಗಿ ಕೊನೆಯ ಹತ್ತು ಪಿಲ್ಲರಿಗೆ ಶಟರ್ ಸಿಗುವುದೇ ಶನಿವಾರ. ನಿಲ್ಲಿಸಿ, ತೂಗುಗುಂಡು ಬಿಟ್ಟು ನೋಡಿ ಮುಗಿಸುವಷ್ಟರಲ್ಲಿ ಸೋಮವಾರ. ಮಂಗಳವಾರ ಕಾಂಕ್ರೀಟ್, ಬುಧವಾರ ಬಿಚ್ಚುವುದು. ನಾಲ್ಕು ಕೆಲಸದ ದಿನ ಬೇಕು. ಅರ್ಧ ದಿನ ಮುಂದಿದೆ ಎಂದು ಕಂಪ್ಯೂಟರ್ ಹೇಳುತ್ತಿದ್ದ ಕೆಲಸ ಒಂದು ದಿನ ಹಿಂದಿದೆ!

ಅದಕ್ಕೇ ಬಲ್ಲವರು ಪ್ರಿಮಾವೆರಾದಲ್ಲಿ ಇಂಥ ಕೆಲಸಗಳಿಗೆ Physical ಎಂಬ ಆಯ್ಕೆ ಇಟ್ಟುಕೊಳ್ಳುತ್ತಾರೆ. ಆಗ ಎಷ್ಟಾಯಿತು ಎಂಬುದು ಒಂದು ಅಂಕಿ, ಇನ್ನೆಷ್ಟು ದಿನ ಬೇಕು ಎಂಬುದು ಇನ್ನೊಂದು ಅಂಕಿ. ಎರಡನೆಯದನ್ನು ಮೇಸ್ತ್ರಿಯನ್ನು, ಸೈಟ್ ಇಂಜಿನಿಯರನ್ನು ಕೇಳಿ, ತಾವೂ ಯೋಚಿಸಿ, ಕೈಯಾರೆ ತುಂಬುತ್ತಾರೆ. ವಾರದ ಪರಿಷ್ಕರಣೆ ಎಂದರೆ ಹೆಚ್ಚುಕಡಿಮೆ ಇಷ್ಟೇ: ಯಾವ ಕೆಲಸ ಯಾವತ್ತು ನಿಜವಾಗಿ ಶುರುವಾಯಿತು, ಮುಗಿದಿದ್ದರೆ ಯಾವತ್ತು ಮುಗಿಯಿತು, ಮುಗಿಯದಿದ್ದರೆ ಇನ್ನೆಷ್ಟು ದಿನ. ಇವನ್ನೆಲ್ಲ ತುಂಬಿ, ಲೆಕ್ಕ ನಿಲ್ಲಿಸಿದ ದಿನವನ್ನು, ಅಂದರೆ ಡೇಟಾ ಡೇಟನ್ನು, ಮುಂದೆ ಸರಿಸಿ F9 ಒತ್ತಿದರೆ ಮುಂದಿನ ದಿನಾಂಕಗಳೆಲ್ಲ ಹೊಸದಾಗಿ ಕೂರುತ್ತವೆ. ಡೇಟಾ ಡೇಟಿನ ಹಿಂದೆ ಆಗದ ಕೆಲಸ ಉಳಿದಿರಬಾರದು, ಅದರ ಮುಂದೆ ಆಗಿಹೋದ ಕೆಲಸ ಇರಬಾರದು. ನಾಳೆ ಹಾಕುವ ಕಾಂಕ್ರೀಟನ್ನು ಇಂದೇ ‘ಮುಗಿದಿದೆ’ ಎಂದು ತುಂಬಿದ ವರದಿಗಳಿಗೇನೂ ಬರವಿಲ್ಲ.

ಇನ್ನು ಆ ಒಂದು ದಿನ. ಅದು ದೊಡ್ಡದೋ ಸಣ್ಣದೋ ಎಂಬುದು ಆ ಕೆಲಸ ಎಲ್ಲಿ ಕೂತಿದೆ ಎಂಬುದರ ಮೇಲಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ರೂಪಿಸಿದ ಕ್ರಿಟಿಕಲ್ ಪಾತ್ ಲೆಕ್ಕ ಹೇಳುವುದು ಇದನ್ನೇ. ಒಂದಾದ ಮೇಲೊಂದು ಬರುವ ಕೆಲಸಗಳ ಅತಿ ಉದ್ದದ ಸರಪಳಿಯೇ ಯೋಜನೆ ಮುಗಿಯುವ ದಿನವನ್ನು ನಿರ್ಧರಿಸುತ್ತದೆ. ಕೆಳಗಿನ ಮಹಡಿಯಲ್ಲಿ ಬ್ಲಾಕ್ ಗೋಡೆ ಕಟ್ಟುವುದು ಹತ್ತು ದಿನ ತಡವಾದರೂ ಕಟ್ಟಡ ಸಹಿಸಿಕೊಂಡೀತು. ಪಿಲ್ಲರ್ ತಡವಾದರೆ ಅದರ ಮೇಲಿನ ಸ್ಲ್ಯಾಬ್ ತಡ, ಸ್ಲ್ಯಾಬ್ ತಡವಾದರೆ ಮುಂದಿನ ಮಹಡಿ ತಡ. ಶಟರ್ ಕೊರತೆ ಹೀಗೇ ಮುಂದುವರಿದು ಪ್ರತಿ ಮಹಡಿಗೂ ಒಂದೊಂದು ದಿನ ಜಾರಿದರೆ, ಉಳಿದ ಮಹಡಿಗಳು ಮುಗಿಯುವ ಹೊತ್ತಿಗೆ ವಾರ ಕೈಬಿಟ್ಟಿರುತ್ತದೆ. ಕಾರಣ ಶುಕ್ರವಾರವೇ ಗೊತ್ತಾದರೆ ಇನ್ನೊಂದು ಸೆಟ್ ಶಟರ್ ಬಾಡಿಗೆಗೆ ತರಿಸಬಹುದು.

ಆದರೆ ತಿಂಗಳ ವರದಿಯಲ್ಲಿ ಇದು ಕಾಣದೇ ಹೋಗುವ ಸಾಧ್ಯತೆಯೇ ಹೆಚ್ಚು. ಪಿಲ್ಲರ್ ಕೆಲಸ ಕುಂಟುತ್ತಿದ್ದಾಗ ಗುತ್ತಿಗೆದಾರರು ಬಿಡುವಾದ ಜನರನ್ನು ಬ್ಲಾಕ್ ಕೆಲಸಕ್ಕೆ ಹಾಕಿರುತ್ತಾರೆ. ಬ್ಲಾಕ್ ಕೆಲಸಕ್ಕೂ ತೂಕವಿದೆ. ತಿಂಗಳಿಗೆ ಶೇ. 6 ಆಗಬೇಕಿದ್ದ ಒಟ್ಟು ಪ್ರಗತಿ ಶೇ. 6.4 ಆಗಿರುತ್ತದೆ. ಎಸ್ ಅಕ್ಷರದಂತೆ ಬಾಗಿದ ಆ ಪ್ರಗತಿಯ ಗೆರೆ ಯೋಜನೆಯ ಗೆರೆಗಿಂತ ಮೇಲಿರುತ್ತದೆ, ಕೀಲಿ ಕೊಡುವ ದಿನ ಮಾತ್ರ ಹಿಂದೆ ಸರಿದಿರುತ್ತದೆ. ನನ್ನ ಮಟ್ಟಿಗೆ, ಗೆರೆಯನ್ನು ಮಾತ್ರ ತೋರಿಸಿ ದಿನಾಂಕವನ್ನು ನುಂಗಿಕೊಂಡ ವರದಿ ಸುಳ್ಳು ವರದಿಯೇ, ಅದರ ಒಂದೊಂದು ಅಂಕಿಯೂ ನಿಜವಿದ್ದರೂ.

ತಡವಾದದ್ದಕ್ಕೆ ಕಾರಣ ಬರೆದಿಡುವುದೂ ಇವರ ಪಾಲಿಗೇ ಬರುತ್ತದೆ. ನಕ್ಷೆ ಕೈಗೆ ಬಂದಿದ್ದು ಯಾವತ್ತು, ಮಳೆಗೆ ಕೆಲಸ ನಿಂತಿದ್ದು ಎಷ್ಟು ಹೊತ್ತು ಎಂಬುದೆಲ್ಲ ಅಂದಂದೇ ದಾಖಲಾಗಬೇಕು. ಸರ್ಕಾರಿ ಕಾಮಗಾರಿಗಳಲ್ಲಿ ಇದಕ್ಕೆಂದೇ ಹಿಂಡ್ರೆನ್ಸ್ ರಿಜಿಸ್ಟರ್ ಇರುತ್ತದೆ. ಮುಂದೆ ಅವಧಿ ವಿಸ್ತರಣೆ ಕೇಳುವಾಗ, ದಂಡದ ಮಾತು ಬಂದಾಗ ತೆಗೆಯುವುದು ಆ ಪುಸ್ತಕವನ್ನೇ. ಮೊದಲು ಒಪ್ಪಿದ ಮೂಲ ವೇಳಾಪಟ್ಟಿಯನ್ನು, ಬೇಸ್‌ಲೈನನ್ನು, ಯಾರ ಒಪ್ಪಿಗೆಯೂ ಇಲ್ಲದೆ ತಿದ್ದಿದರೆ ಯಾವುದಕ್ಕೆ ಹೋಲಿಸಿ ತಡ ಎನ್ನುವುದು ಎಂಬುದೇ ಉಳಿಯುವುದಿಲ್ಲ.

ಈ ಇಂಜಿನಿಯರ್ ಕೈಕೆಳಗೆ ಒಬ್ಬ ಕೂಲಿಯಾಳೂ ಇರುವುದಿಲ್ಲ. ಕೆಲಸ ಮಾಡಿಸುವ ಅಧಿಕಾರ ಸೈಟ್ ಇಂಜಿನಿಯರದು, ದುಡ್ಡು ಪ್ರಾಜೆಕ್ಟ್ ಮ್ಯಾನೇಜರ್ ಕೈಯಲ್ಲಿ. ಸೋಮವಾರದ ಮೀಟಿಂಗಿಗೆ ಮುಂಚೆ ‘ಅರವತ್ತೆಂಟು ಚೆನ್ನಾಗಿ ಕಾಣಲ್ಲ ರೀ, ಎಂಬತ್ತು ಹಾಕಿಬಿಡಿ’ ಎಂಬ ಮಾತು ಬಂದೇ ಬರುತ್ತದೆ. ಎಂಬತ್ತು ಹಾಕಿದರೆ ಆ ವಾರ ಸುಖವಾಗಿ ಕಳೆಯುತ್ತದೆ, ಮುಂದಿನ ವಾರ ಪಿಲ್ಲರ್‌ಗಳನ್ನು ಯಾರು ಬೇಕಾದರೂ ಎಣಿಸಬಹುದು. ಈ ಕೆಲಸಕ್ಕೆ ಸಂದರ್ಶನಕ್ಕೆ ಹೊರಟವರು ಸಂಬಳದ ಜೊತೆಗೆ ಇದನ್ನೂ ಕೇಳಿಕೊಂಡು ಬನ್ನಿ: ಹಂತಕ್ಕೆಷ್ಟು ಅಂಕ ಎಂಬ ಪಟ್ಟಿಗೆ ಎರಡೂ ಕಡೆಯವರ ಸಹಿ ಬಿದ್ದಿದೆಯೇ? ಬಿದ್ದಿಲ್ಲವಾದರೆ, ಸೇರಿದ ಮೊದಲ ವಾರದಲ್ಲೇ ಹಾಕಿಸಿ.